ಹಾಲು ಕಾಯುವಷ್ಟು ಹೊತ್ತು

ಕರಿಹಲಗೆಯ ಮೇಲಿನ ಅರ್ಧ ಖಾಲಿ ಉಳಿಯುತ್ತಿರುವುದನ್ನು ಮೊದಲು ಗಮನಿಸಿದವರು ಎಂಟನೇ ತರಗತಿಯ ಮಕ್ಕಳು. 2023ರ ಜೂನ್, ಶಾಲೆ ತೆರೆದು ಎರಡು ವಾರ ಆಗಿತ್ತು. "ಟೀಚರ್, ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಸ್ವಲ್ಪ ಮೇಲೆ ಬರೆಯಿರಿ" ಎಂದು ಒಬ್ಬ ಹುಡುಗ ಎದ್ದು ನಿಂತ. ಮೇಲೆ ಬರೆಯಲು ಹೋದೆ. ಸೀಮೆಸುಣ್ಣ ಹಿಡಿದ ಕೈ ಹೆಗಲಿನ ಮಟ್ಟಕ್ಕೆ ಬಂದದ್ದೇ, ಚಿಲಕ ಹಾಕಿದ ಬಾಗಿಲಿಗೆ ಡಿಕ್ಕಿ ಹೊಡೆದಂತೆ ನಿಂತುಬಿಟ್ಟಿತು. ಮಳೆಗಾಲದ ಕತ್ತಲೆ, ಕೆಳಗೆ ಬರೆದರೆ ಮಕ್ಕಳಿಗೆ ಕಾಣದು. ಆ ದಿನ ಪದ್ಯವನ್ನು ಬಾಯಲ್ಲಿಯೇ ಹೇಳಿ ಬರೆಸಿದೆ.

ಮನೆಯಲ್ಲಿ ಅದಕ್ಕೂ ಮೊದಲೇ ಸೂಚನೆಗಳಿದ್ದವು. ಬಲ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತಿತ್ತು. ಜಡೆ ಹೆಣೆಯುವುದು ಅರ್ಧಕ್ಕೇ ನಿಲ್ಲುತ್ತಿತ್ತು. ಎಡಗೈಯೊಂದರಿಂದಲೇ ಮುಡಿಗೆ ಸಿಕ್ಕಿಸಿದ ಶಂಕರಪುರ ಮಲ್ಲಿಗೆ ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಗಿ, ಶಾಲೆಗೆ ಬರುವಾಗ ಬರಿಯ ಹೇರ್‌ಪಿನ್ ಉಳಿದಿರುತ್ತಿತ್ತು. ಮೂಳೆ ತಜ್ಞರು ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದರು. ಬಳಿಕ ನನ್ನ ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಮುಂಗೈಯನ್ನು ಹೊರಕ್ಕೆ ತಿರುಗಿಸಲು ನೋಡಿದರು. ಅವರ ಬಲಕ್ಕೂ ಅದು ತಿರುಗಲಿಲ್ಲ. "ಇದೇ ಗುರುತು. ಸ್ನಾಯು ಹರಿದಿದ್ದರೆ ನಿಮಗೆ ಎತ್ತಲಾಗುವುದಿಲ್ಲ, ಆದರೆ ನಾನು ಎತ್ತಬಹುದು. ಇಲ್ಲಿ ಇಬ್ಬರಿಗೂ ಆಗುವುದಿಲ್ಲ" ಎಂದರು. ಫ್ರೋಜನ್ ಶೋಲ್ಡರ್. ಹೆಗಲ ಕೀಲನ್ನು ಸುತ್ತಿರುವ ಪೊರೆ ಉರಿಯೂತದಿಂದ ದಪ್ಪಗಾಗಿ, ಒದ್ದೆ ಬಟ್ಟೆ ಒಣಗಿ ಸೆಟೆದುಕೊಂಡಂತೆ ಬಿಗಿದುಕೊಳ್ಳುತ್ತದೆ. ನಲವತ್ತರಿಂದ ಅರವತ್ತರ ಒಳಗಿನವರಿಗೆ, ಅದರಲ್ಲಿಯೂ ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಹೆಚ್ಚು. ನನಗೆ ಐವತ್ತೊಂದು, ಸಕ್ಕರೆ ಶುರುವಾಗಿ ನಾಲ್ಕು ವರ್ಷ. ಎಲ್ಲದಕ್ಕೂ ನಾನೇ ಉದಾಹರಣೆ.

ಕಾಯಿಲೆಯ ಬಗ್ಗೆ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಇದರ ಕ್ರಮವೇ ವಿಚಿತ್ರ. ಮೊದಲು ಕೆಲವು ತಿಂಗಳು ನೋವು ಹೆಚ್ಚುತ್ತದೆ. ಆಮೇಲೆ ನೋವು ಇಳಿಯುತ್ತದೆ, ಬಿಗಿತ ಮಾತ್ರ ಹಾಗೆಯೇ ಗಟ್ಟಿಯಾಗಿ ಕೂತಿರುತ್ತದೆ. ಕೊನೆಗೆ ನಿಧಾನವಾಗಿ ಬಿಡತೊಡಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ. ಹೆಚ್ಚು ನೋವಿರುವಾಗ ಜಗ್ಗಾಡಿ ವ್ಯಾಯಾಮ ಮಾಡಿದರೆ ಕೆರಳುತ್ತದೆ. ನೋವು ಇಳಿದ ಮೇಲೆಯೇ ದಿನವೂ ಎಳೆದು ಸಡಿಲಿಸಬೇಕಾದ ಕಾಲ. ಅಂದರೆ, ಹುರುಪು ಕೊಡುತ್ತಿದ್ದ ನೋವು ಹೊರಟುಹೋದ ಮೇಲೆ ಕೆಲಸ ಶುರು.

ನಾನು ತಲೆಕೆಳಗಾಗಿ ಮಾಡಿದೆ. ಆಗಸ್ಟಿನಲ್ಲಿ ಕೀಲಿಗೆ ಒಂದು ಇಂಜೆಕ್ಷನ್ ಆಯಿತು. ಅದು ಸ್ಟೀರಾಯ್ಡ್ ಆದ್ದರಿಂದ ಮೂರು ನಾಲ್ಕು ದಿನ ಸಕ್ಕರೆ ಏರಿ ಕುಳಿತಿತ್ತು. ಫಿಸಿಯೋಥೆರಪಿಗೆ ಹೋದರೆ ಅಲ್ಲಿದ್ದವಳು ನಮ್ಮ ಶಾಲೆಯಲ್ಲಿಯೇ ಓದಿದ ಹುಡುಗಿ. ನನ್ನಿಂದ ಕಾಗುಣಿತ ತಿದ್ದಿಸಿಕೊಂಡವಳು ಈಗ ನನಗೆ ಐದು ವ್ಯಾಯಾಮಗಳ ಚೀಟಿ ಬರೆದುಕೊಟ್ಟಳು. ದಿನಕ್ಕೆ ಮೂರು ಬಾರಿ, ಒಂದೊಂದು ಹತ್ತು ಸಲ, ಮೆಲ್ಲಗೆ. ನಾನು ಆ ದಿನವೇ ಒಂದು ನೋಟ್‌ಪುಸ್ತಕ ಕೊಂಡು, ಗೆರೆ ಎಳೆದು, ತಿಂಗಳ ಪಟ್ಟಿ ಮಾಡಿದೆ. ಮಾಡಿದ್ದಕ್ಕೆ ಹಸಿರು ಗುರುತು, ಬಿಟ್ಟದ್ದಕ್ಕೆ ಕೆಂಪು. ಮೊಬೈಲಿನಲ್ಲಿ ಮೂರು ಅಲಾರಂ. ಮೇಷ್ಟರ ಕೆಲಸ ಮಾಡುವವರಿಗೆ ಪಟ್ಟಿ ತಯಾರಿಸಿದರೆ ಅರ್ಧ ಪಾಠ ಮುಗಿದಂತೆ ಅನಿಸುವ ಒಂದು ರೋಗವೂ ಇದೆ.

ಹತ್ತೊಂಬತ್ತು ದಿನ ಹಸಿರು. ಅಷ್ಟಮಿ ಬಂತು. ಉಡುಪಿಯಲ್ಲಿ ಮನೆಯಿದ್ದವರಿಗೆ ಅಷ್ಟಮಿ, ವಿಟ್ಲಪಿಂಡಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮೂರು ದಿನ ಮನೆ ತುಂಬ ನೆಂಟರು, ಚಕ್ಕುಲಿ, ಉಂಡೆ. ನಾಲ್ಕನೆಯ ದಿನ ಪುಸ್ತಕ ತೆರೆದು ನೋಡಿದೆ. ಒಂಬತ್ತು ಕೆಂಪು ಗುರುತು ಹಾಕಬೇಕಿತ್ತು. ಹಾಕಲು ಮನಸ್ಸಾಗಲಿಲ್ಲ, ಪುಸ್ತಕ ಮುಚ್ಚಿಟ್ಟೆ. ಅಲಾರಂ ಮಾತ್ರ ಪಾಪ ಬಡಿದುಕೊಳ್ಳುತ್ತಲೇ ಇತ್ತು. ಸಂಜೆಯದ್ದು ಕೂಗುವಾಗ ನಾನು ಕಲ್ಸಂಕದ ಬಳಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಿದ್ದೆ. ಅಲ್ಲಿ ನಿಂತು ಯಾವ ವ್ಯಾಯಾಮ? ಒರೆಸಿಬಿಡುತ್ತಿದ್ದೆ. ಹೀಗೆ ಒರೆಸಿ ಒರೆಸಿ, ಅಲಾರಂ ಕೂಗಿದೊಡನೆ ಒರೆಸುವುದೇ ಗಟ್ಟಿಯಾದ ಅಭ್ಯಾಸವಾಯಿತು.

ಅಕ್ಟೋಬರಿನಲ್ಲಿ ರಾತ್ರಿ ನಿದ್ದೆ ಬರತೊಡಗಿತು. ಗುಣವಾಯಿತು ಎಂದುಕೊಂಡೆ. ನವೆಂಬರಿನಲ್ಲಿ ತಪಾಸಣೆಗೆ ಹೋದಾಗ ಕೈ ಆಗಸ್ಟಿಗಿಂತಲೂ ಕೆಳಗೆ ನಿಂತಿತು.

ನನ್ನ ಹಳೆಯ ವಿದ್ಯಾರ್ಥಿನಿ ಗದರಲಿಲ್ಲ. ಯಾಕೆ ಮಾಡಲಿಲ್ಲ ಎಂದೂ ಕೇಳಲಿಲ್ಲ. "ಟೀಚರ್, ಮಾಡುತ್ತಿದ್ದ ದಿನಗಳಲ್ಲಿ ಎಲ್ಲಿ ನಿಂತು ಮಾಡುತ್ತಿದ್ದಿರಿ?" ಎಂದು ಕೇಳಿದಳು. ಮಲಗುವ ಕೋಣೆಯಲ್ಲಿ ಎಂದೆ. ಶುರು ಮಾಡುವ ಮೊದಲು ಏನೇನು ಮಾಡಬೇಕಿತ್ತು ಎಂದು ಒಂದೊಂದಾಗಿ ಹೇಳಿಸಿದಳು. ಕಪಾಟು ತೆರೆದು ಟವೆಲ್ ತೆಗೆಯಬೇಕು. ಚೀಟಿ ಹುಡುಕಬೇಕು. ಗೋಡೆಗೆ ಒರಗಿಸಿದ ಇಸ್ತ್ರಿ ಮೇಜನ್ನು ಸರಿಸಬೇಕು. ಕುರ್ಚಿ ತರಬೇಕು. ಬಾಗಿಲು ಹಾಕಬೇಕು, ಇಲ್ಲದಿದ್ದರೆ ಅತ್ತೆ ಮಾತಿಗೆ ಬರುತ್ತಾರೆ. ಪುಸ್ತಕ, ಪೆನ್ನು ಬೇಕು. ಆರು ಕೆಲಸ, ಒಂದಕ್ಕೂ ಹೆಗಲಿಗೂ ಸಂಬಂಧವಿಲ್ಲ. "ಮನಸ್ಸು ಚೆನ್ನಾಗಿರುವ ದಿನ ಆರೂ ಆಗುತ್ತವೆ. ಇಲ್ಲದ ದಿನ ಮೊದಲನೆಯದ್ದೇ ಆಗುವುದಿಲ್ಲ. ನಾನು ಭಾನುವಾರ ನಿಮ್ಮ ಮನೆಗೆ ಬರಲೇ?" ಎಂದಳು.

ಬಂದಳು. ಅತ್ತೆ ಕೊಟ್ಟ ಕಾಫಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತವಳು ಬಹಳ ಹೊತ್ತು ಗೋಡೆಯ ಹಲಗೆಗಳನ್ನೇ ನೋಡಿದಳು. ಮೇಲಿನ ಎರಡು ಹಲಗೆ ಖಾಲಿ. ಒಲೆಯ ಕಟ್ಟೆಯ ಮೇಲೆ ಮಾತ್ರ ಡಬ್ಬಗಳ ಸಂತೆ.

"ಇವೆಲ್ಲ ಮೊದಲೂ ಇಲ್ಲೇ ಕೆಳಗೆ ಇದ್ದವೇ?"

"ಇಲ್ಲ ಮಗಾ, ಅವಳಿಗೆ ಕೈ ಎತ್ತಲಾಗುವುದಿಲ್ಲವಲ್ಲ, ನಾನೇ ಇಳಿಸಿಟ್ಟೆ" ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು.

ಆಗ ನನಗೂ ಒಂದೊಂದೇ ಕಾಣತೊಡಗಿತು. ಯಜಮಾನರು ಬಟ್ಟೆ ಒಣಗಿಸುವ ಹಗ್ಗವನ್ನು ಎದೆಯ ಮಟ್ಟಕ್ಕೆ ಇಳಿಸಿದ್ದರು. ಮಗಳು ಮುಂದೆ ಗುಂಡಿಯಿರುವ ರವಿಕೆಗಳನ್ನೇ ಹೊಲಿಸಿ ಕಳಿಸಿದ್ದಳು. ಶಾಲೆಯಲ್ಲಿ ಎತ್ತರದ ಹುಡುಗಿಯೊಬ್ಬಳು ದಿನಾಂಕ, ಪಾಠದ ಹೆಸರು ಬರೆದಿಟ್ಟಿರುತ್ತಿದ್ದಳು. ಯಾರೂ ಕೆಟ್ಟದ್ದು ಮಾಡಿರಲಿಲ್ಲ. ನೋವಿದ್ದ ತಿಂಗಳುಗಳಲ್ಲಿ ಅದೆಲ್ಲ ಬೇಕೂ ಆಗಿತ್ತು. ಆದರೆ ನೋವು ಹೋದ ಮೇಲೆ ಯಾವುದೂ ಮೊದಲಿನ ಜಾಗಕ್ಕೆ ಮರಳಿರಲಿಲ್ಲ. ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ ಬಲಗೈಯನ್ನು ಹೆಗಲಿಗಿಂತ ಮೇಲೆ ಎತ್ತುವ ಪ್ರಸಂಗವೇ ಬಾರದಂತೆ ಮನೆ ತನ್ನನ್ನು ತಾನು ಜೋಡಿಸಿಕೊಂಡುಬಿಟ್ಟಿತ್ತು. ಅಂಥ ಮನೆಯೊಳಗೆ ಕೂತು ನಾನು ದಿನಕ್ಕೆ ಮೂರು ಬಾರಿ ಹುರುಪು ತಂದುಕೊಳ್ಳಲು ನೋಡುತ್ತಿದ್ದೆ.

ಮೊದಲು ಕಾಫಿಪುಡಿಯ ಡಬ್ಬ ಮೇಲೆ ಹೋಯಿತು. ಕಾಲು ಕಿಲೋ ಹಿಡಿಯುವ ಸ್ಟೀಲಿನ ಡಬ್ಬ, ಹಗುರ, ಬಿದ್ದರೂ ಒಡೆಯುವುದಿಲ್ಲ. ನನ್ನ ಗಲ್ಲದ ಮಟ್ಟದ ಹಲಗೆಯಲ್ಲಿಟ್ಟೆವು. ಬಲಗೈಯಿಂದಲೇ ತೆಗೆಯಬೇಕು, ಅಷ್ಟೇ ಕರಾರು. ಗಾಜಿನ ಭರಣಿ, ಎಣ್ಣೆ, ಬಿಸಿ ಪಾತ್ರೆ ಯಾವುದನ್ನೂ ಮೇಲಿಡಬಾರದು ಎಂದು ಅವಳು ಅತ್ತೆಯಿಂದ ಮಾತು ತೆಗೆದುಕೊಂಡಳು. ಕಾಫಿ ಕುಡಿಯದೆ ನನಗೆ ಬೆಳಗಾಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು, ಸ್ಟಾಫ್ ರೂಮಿನ ಫ್ಲಾಸ್ಕನ್ನು ತಂದುಕೊಡುತ್ತಿದ್ದವಳು ಅವಳೇ ಅಲ್ಲವೇ.

ಆಮೇಲೆ ಐದು ವ್ಯಾಯಾಮಗಳ ಚೀಟಿಯನ್ನು ಅವಳೇ ಹರಿದಳು. ಮೂರು ಸಾಕು, ಆದರೆ ಮೂರೂ ಮನೆಯ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕೆಲಸಕ್ಕೆ ಅಂಟಿಕೊಂಡಿರಬೇಕು ಎಂದಳು.

ಒಂದನೆಯದು ಗೋಡೆ ಏರುವುದು. ನಮ್ಮ ಒಲೆಯ ಸಣ್ಣ ಬರ್ನರಿನಲ್ಲಿ ಅರ್ಧ ಲೀಟರು ಹಾಲು ಉಕ್ಕಿ ಬರಲು ಸುಮಾರು ಏಳು ನಿಮಿಷ ಬೇಕು. ಆ ಏಳು ನಿಮಿಷ ನಾನು ಎಲ್ಲಿಗೂ ಹೋಗುವಂತಿಲ್ಲ. ಹೋದರೆ ಹಾಲು ಉಕ್ಕಿ ಒಲೆ ತೊಳೆಯುವ ಕೆಲಸ. ಮೊದಲೆಲ್ಲ ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದೆ. ಈಗ ಒಲೆಯಿಂದ ಎರಡು ಹೆಜ್ಜೆ ದೂರದ ಖಾಲಿ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಹಲ್ಲಿ ಹತ್ತುವಂತೆ ಒಂದೊಂದಾಗಿ ಮೇಲೇರಿಸಬೇಕು. ಎಳೆತ ಸಿಕ್ಕಿದಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಬೇಕು, ಬೆರಳುಗಳ ಮೇಲೆಯೇ ಇಳಿಯಬೇಕು. ಅವಸರ ಮಾಡದೆ ಹತ್ತು ಸಲ ಏರಿ ಇಳಿದರೆ ಐದು ನಿಮಿಷ. ಇಲ್ಲಿ ದೇಹ ಮೋಸ ಮಾಡುತ್ತದೆ. ಕೈ ಏರದಿದ್ದಾಗ ಹೆಗಲನ್ನು ಕಿವಿಯತ್ತ ಎತ್ತುತ್ತೇವೆ, ಇಲ್ಲವೇ ಸೊಂಟ ವಾಲಿಸುತ್ತೇವೆ, ಹಿಮ್ಮಡಿ ಮೇಲಾಗುತ್ತದೆ. ಬೆರಳು ಎರಡಂಗುಲ ಮೇಲೆ ಹೋದದ್ದು ಕಂಡು ಖುಷಿಯಾಗುತ್ತದೆ, ಕೀಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಅದಕ್ಕೆಂದೇ ಗೋಡೆಯ ಎದುರು ಒಂದು ಸಣ್ಣ ಕನ್ನಡಿ ತೂಗುಹಾಕಿದೆವು. ಮುಖ ಹೊರಳಿಸಿದರೆ ಎರಡು ಹೆಗಲೂ ಸಮನಾಗಿವೆಯೇ ಎಂದು ಕಾಣುತ್ತದೆ.

ಎರಡನೆಯದಕ್ಕೆ ಹೊಸದಾಗಿ ಏನೂ ಬೇಕಾಗಲಿಲ್ಲ. ಬಿಸಿನೀರಿನ ಸ್ನಾನ ಆದಮೇಲೆ ಕೀಲು ಸ್ವಲ್ಪ ಮೆತ್ತಗಿರುತ್ತದೆ. ಬೈರಾಸನ್ನು ಎಡ ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು, ಕೆಳತುದಿಯನ್ನು ಬೆನ್ನ ಹಿಂದೆ ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಮೇಲಕ್ಕೆ ಎಳೆದು ಬೆನ್ನು ಒರೆಸಿಕೊಳ್ಳುವುದು. ಬೆನ್ನೂ ಒಣಗುತ್ತದೆ, ಬಲಗೈ ಬೆನ್ನ ಮೇಲೆ ಒಂದಿಷ್ಟು ಏರುತ್ತದೆ. ದಪ್ಪ ಟವೆಲ್ ಗಿಡ್ಡವಾಗಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಮ್ಮ ಕಡೆಯ ತೆಳ್ಳಗಿನ ಉದ್ದ ಬೈರಾಸೇ ಇದಕ್ಕೆ ಲಾಯಕ್ಕು. ಬಚ್ಚಲಿನಿಂದ ಟವೆಲನ್ನು ತೆಗೆದು ಬೈರಾಸು ಮಾತ್ರ ಇಟ್ಟೆ. ಬೇರೆ ದಾರಿಯೇ ಇಲ್ಲದ ಮೇಲೆ ಮನಸ್ಸನ್ನು ಕೇಳುವುದೇನು?

ಮೂರನೆಯದು ರಾಟೆ. ಪಂಪು ಹಾಕಿಸಿದ ಮೇಲೆ ಬಾವಿಯ ಮರದ ರಾಟೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಯಜಮಾನರು ಅದನ್ನು ಜಗಲಿಯ ಪಕ್ಕಾಸಿಗೆ ಬಿಗಿದು, ಹಗ್ಗ ಹಾಯಿಸಿ, ಎರಡು ತುದಿಗೂ ಮರದ ಹಿಡಿ ಕಟ್ಟಿಸಿದರು. ಕೆಳಗೆ ನಾನು ಶಾಲೆಯಿಂದ ಬಂದು ಚೀಲ ಇಟ್ಟು ಕೂರುವ ಕುರ್ಚಿ. ಕೂತು ಎಡಗೈಯಿಂದ ಕೆಳಕ್ಕೆ ಎಳೆದರೆ ಬಲಗೈ ತಾನಾಗಿ ಮೇಲೇರುತ್ತದೆ. ಎಣ್ಣೆ ಬಿಟ್ಟರೂ ರಾಟೆಯ ಕಿರ್ ಎನ್ನುವ ಸದ್ದು ಹೋಗಲಿಲ್ಲ. ಅತ್ತೆಗೆ ಒಳಗಿನಿಂದಲೇ ನಾನು ಬಂದದ್ದು ತಿಳಿಯುತ್ತಿತ್ತು, ಕಾಫಿಗೆ ನೀರಿಡುತ್ತಿದ್ದರು.

ಎಷ್ಟು ಮಾಡಬೇಕು ಎಂದು ಕೇಳಿದಾಗ ನನ್ನ ವಿದ್ಯಾರ್ಥಿನಿ ಮೇಲಿನ ಲೆಕ್ಕ ಹೇಳಲಿಲ್ಲ, ಕೆಳಗಿನದ್ದು ಹೇಳಿದಳು. ಒಂದು. ಗೋಡೆಗೆ ಒಂದು ಸಲ ಏರಿದರೆ ಆ ದಿನದ್ದು ಆಯಿತು. ನನಗೆ ಇದು ಸೋಮಾರಿ ಮಕ್ಕಳಿಗೆ ಕೃಪಾಂಕ ಕೊಟ್ಟು ಪಾಸು ಮಾಡಿಸಿದ ಹಾಗೆ ಕಂಡಿತು. ಹೇಳಿಯೂ ಹೇಳಿದೆ. ಅವಳು ನಕ್ಕಳು. ಮೊದಲ ತಿಂಗಳು ಗೋಡೆಯ ಪಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಇಪ್ಪತ್ತೆರಡು ದಿನ ಪೂರ್ತಿ, ಆರು ದಿನ ಒಂದೇ ಒಂದು, ಎರಡು ದಿನ ಏನೂ ಇಲ್ಲ. ಆ ಆರು ದಿನಗಳು ಯಾವುವು ಎಂದು ನೋಡಿದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ರಾತ್ರಿಗಳ ಮರುದಿನ, ಜ್ವರದ ಒಂದು ದಿನ, ಯಜಮಾನರೊಡನೆ ಜಗಳವಾದ ಒಂದು ದಿನ. ಹಳೆಯ ಪಟ್ಟಿಯ ಪ್ರಕಾರ ಆರೂ ಕೆಂಪು ಆಗುತ್ತಿದ್ದವು, ಮತ್ತೆ ಪುಸ್ತಕ ಮುಚ್ಚುತ್ತಿದ್ದೆ.

ನೋವಿಗೂ ಒಂದು ಮಿತಿ ಇಟ್ಟಿದ್ದಳು. ಎಳೆಯುವಾಗ ಬಿಗಿಯಾಗಿ ಎಳೆದಂತೆ ಆಗುವುದು ಸರಿ. ಮುಗಿಸಿ ಅರ್ಧ ಗಂಟೆಯಾದರೂ ನೋವು ಇಳಿಯದಿದ್ದರೆ, ಅಥವಾ ಆ ರಾತ್ರಿ ನಿದ್ದೆ ಕೆಟ್ಟರೆ, ಮರುದಿನ ಕಡಿಮೆ. ಒಮ್ಮೆ ಉತ್ಸಾಹ ಬಂದು ರಾಟೆಯಲ್ಲಿ ಮೂವತ್ತು ಸಲ ಎಳೆದು, ಎರಡು ರಾತ್ರಿ ಕೂತೇ ನಿದ್ದೆ ಮಾಡಿದೆ. ಹುರುಪು ಇಲ್ಲದ ದಿನ ಎಷ್ಟು ಅಪಾಯವೋ, ಇರುವ ದಿನವೂ ಅಷ್ಟೇ.

ನಿಜವಾದ ಪರೀಕ್ಷೆ ಜನವರಿಯಲ್ಲಿ ಬಂತು. 2024ರ ಜನವರಿ 18ರಂದು ಪುತ್ತಿಗೆ ಮಠದ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯಕ್ಕೆ ರಥಬೀದಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಮನೆಯಿದ್ದರೆ ಅದು ಛತ್ರ. ಒಂಬತ್ತು ಜನ ಬಂದರು. ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ನೋಡಲು ಎಲ್ಲರೂ ನಟ್ಟಿರುಳಿನಲ್ಲಿ ಎದ್ದು ಹೊರಟರು. ಅಡುಗೆಮನೆ ನಾದಿನಿಯರ ವಶವಾಯಿತು. ಹಾಲು ಅರ್ಧ ಲೀಟರಲ್ಲ, ನಾಲ್ಕು ಲೀಟರು, ಅದೂ ದೊಡ್ಡ ಚರಿಗೆಯಲ್ಲಿ, ಕಾಯಿಸುವವರು ಬೇರೆ. ನನ್ನ ಗೋಡೆಗೆ ಯಾರದ್ದೋ ಅಕ್ಕಿ ಚೀಲ ಒರಗಿ ನಿಂತಿತ್ತು. ಜಗಲಿಯ ಕುರ್ಚಿಯಲ್ಲಿ ಸದಾ ಯಾರಾದರೂ ಕೂತಿರುತ್ತಿದ್ದರು, ರಾಟೆಯ ಹಗ್ಗ ಮಕ್ಕಳ ಉಯ್ಯಾಲೆಯಾಯಿತು. ಆ ಐದು ದಿನ ಗೋಡೆ ಇಲ್ಲ, ರಾಟೆ ಇಲ್ಲ. ಆದರೆ ಸ್ನಾನ ಯಾರೂ ಕಸಿದುಕೊಳ್ಳಲಾಗಲಿಲ್ಲ. ಬಾಗಿಲಾಚೆ ಸರತಿಯಲ್ಲಿ ನಿಂತವರು ಬಡಿಯುತ್ತಿದ್ದರೂ ಬೈರಾಸು ಬೆನ್ನ ಮೇಲೆ ಏರಿ ಇಳಿಯುತ್ತಿತ್ತು. ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರೆ ಅಷ್ಟಮಿಯ ಕಥೆಯೇ ಮತ್ತೆ ನಡೆಯುತ್ತಿತ್ತು. ನೆಂಟರು ಹೊರಟ ಮರುದಿನ ಬೆಳಗ್ಗೆ ಹಾಲಿಟ್ಟು ಗೋಡೆಯತ್ತ ತಿರುಗಿದೆ. ಅಕ್ಕಿ ಚೀಲ ಇನ್ನೂ ಅಲ್ಲಿಯೇ ಇತ್ತು. ಅದನ್ನು ಕಾಲಿನಿಂದ ಸರಿಸಿ ಬೆರಳು ಇಟ್ಟೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಮಕ್ಕಳಿಗೆ ಹೇಳಿದ್ದೆ. ಅದು ಎಷ್ಟು ಸರಿ ಎಂದು ನನ್ನ ವಿದ್ಯಾರ್ಥಿನಿಯನ್ನು ಕೇಳಿದಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಬಗ್ಗೆ ಹೇಳಿದಳು. 96 ಮಂದಿ ತಮಗೆ ಬೇಕಾದ ಒಂದು ಕೆಲಸವನ್ನು ದಿನವೂ ಒಂದೇ ಸಂದರ್ಭಕ್ಕೆ ಜೋಡಿಸಿಕೊಂಡು 12 ವಾರ ಮಾಡಿದರು. ಯೋಚಿಸದೆ ಕೈ ಹಾಕುವ ಹಂತಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹಾಕಿದರು. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಎನ್ನುವುದೇ ನನಗೆ ಹಿಡಿಸಿದ ಭಾಗ. ಒಂಬತ್ತು ಕೆಂಪು ಗುರುತುಗಳಿಗೆ ಹೆದರಿ ಪುಸ್ತಕ ಮುಚ್ಚಿದವಳಲ್ಲವೇ ನಾನು.

"ಒಂದೇ ಸಂದರ್ಭ" ಎಂಬ ಮಾತಿನ ತೂಕ ತಿಳಿದದ್ದು ಬೇಸಗೆಯಲ್ಲಿ. ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿತ್ತು. ಒಂದು ಮಧ್ಯಾಹ್ನ ಅತ್ತೆ, "ರಾಟೆ ಹಾಳಾಗಿದೆಯೇ? ನಾಲ್ಕು ದಿನದಿಂದ ಸದ್ದಿಲ್ಲ" ಎಂದರು. ನನಗೆ ನೆನಪೇ ಇರಲಿಲ್ಲ. ರಾಟೆ ಅಂಟಿಕೊಂಡಿದ್ದು ಶಾಲೆಯಿಂದ ಬರುವುದಕ್ಕೆ. ಶಾಲೆಗೇ ಹೋಗದಿದ್ದರೆ ಬರುವುದೆಲ್ಲಿ, ಚೀಲ ಇಡುವುದೆಲ್ಲಿ? ಹಾಲಿಗೂ ಸ್ನಾನಕ್ಕೂ ರಜೆ ಇಲ್ಲ, ಆದ್ದರಿಂದ ಅವೆರಡೂ ನಡೆಯುತ್ತಲೇ ಇದ್ದವು. ಸಂಜೆ ಅತ್ತೆ ದೀಪ ಹಚ್ಚಿ ಜಗಲಿಯಲ್ಲಿ ಕೂತು ಭಜನೆ ಹೇಳುತ್ತಾರೆ, ವರ್ಷದ ಎಲ್ಲ ದಿನವೂ. ರಾಟೆಯನ್ನು ಅದಕ್ಕೆ ಕಟ್ಟಿದೆ. ದೇವರ ನಾಮಕ್ಕೆ ಕಿರ್ ಕಿರ್ ಎಂದು ತಾಳ ಹಾಕುವುದು ಅವರಿಗೆ ಹಿಡಿಸಲಿಲ್ಲ. ಒಂದು ವಾರ ಗೊಣಗಿದರು, ಆಮೇಲೆ ನಾನು ತಡಮಾಡಿದರೆ ಭಜನೆ ಶುರು ಮಾಡದೆ ಕಾಯತೊಡಗಿದರು.

ಮೇ ತಿಂಗಳಲ್ಲಿ ಹತ್ತು ದಿನ ಬೆಂಗಳೂರಿಗೆ, ಮಗಳ ಮನೆಗೆ. ಆರು ತಿಂಗಳಾಗಿದೆ, ಈಗ ಅಭ್ಯಾಸ ರಕ್ತದಲ್ಲಿದೆ ಎಂಬ ಜಂಬದಲ್ಲಿ ಹೋದೆ. ಅಲ್ಲಿ ಹಾಲು ಮೈಕ್ರೋವೇವಿನಲ್ಲಿ ಎರಡು ನಿಮಿಷದಲ್ಲಿ ಬಿಸಿಯಾಗಿ ಗಂಟೆ ಬಾರಿಸುತ್ತದೆ. ಕಾಯುವವರು ಬೇಡ. ಬಚ್ಚಲಿನಲ್ಲಿ ದಪ್ಪ ಟವೆಲ್. ಆರು ದಿನ ಕಳೆದ ಮೇಲೆ ಕೂದಲಿಗೆ ಕ್ಲಿಪ್ ಹಾಕುವಾಗ ಹೆಗಲು ಹಿಡಿದಂತಾಗಿ ನೆನಪಾಯಿತು. ಅಭ್ಯಾಸ ನನ್ನ ಜೊತೆ ಬಸ್ಸು ಹತ್ತಿರಲೇ ಇಲ್ಲ, ಉಡುಪಿಯ ಅಡುಗೆಮನೆಯಲ್ಲಿಯೇ ಉಳಿದಿತ್ತು. ಮಗಳ ಮನೆಯಲ್ಲಿ ಲಿಫ್ಟಿಗೆ ಕಾಯುವ ಜಾಗದ ಗೋಡೆಯನ್ನು ಹಿಡಿದೆ. ಎಂಟನೆಯ ಮಹಡಿಗೆ ಲಿಫ್ಟ್ ಬರುವಷ್ಟರಲ್ಲಿ ಎರಡು ಸಲ ಏರಿ ಇಳಿಯಬಹುದು. ಪಕ್ಕದ ಮನೆಯವರು ಏನೆಂದುಕೊಂಡರೋ. ಈಗ ಎಲ್ಲಿಗೆ ಹೋಗುವುದಿದ್ದರೂ ಚೀಲದಲ್ಲಿ ಮೊದಲು ಬೈರಾಸು ಹಾಕುತ್ತೇನೆ.

ಲೆಕ್ಕ ಇಟ್ಟದ್ದು ಗೋಡೆಯ ಮೇಲೆಯೇ. ತಿಂಗಳಿಗೊಮ್ಮೆ, ಒಂದನೆಯ ತಾರೀಕು, ಗೋಡೆಯಿಂದ ಒಂದು ಗೇಣು ದೂರದಲ್ಲಿ ಕಾಲಿಟ್ಟು, ಹಿಮ್ಮಡಿ ಎತ್ತದೆ, ನಡುಬೆರಳು ಮುಟ್ಟಿದಲ್ಲಿ ಪೆನ್ಸಿಲಿನ ಗೆರೆ. ಯಜಮಾನರು ಟೇಪು ಹಿಡಿಯುತ್ತಿದ್ದರು. ಡಿಸೆಂಬರಿನಲ್ಲಿ ನೆಲದಿಂದ 141 ಸೆಂಟಿಮೀಟರು. ಜನವರಿಯಲ್ಲಿ 143. ಫೆಬ್ರವರಿಯಲ್ಲಿಯೂ 143, ಮಾರ್ಚಿನಲ್ಲಿ 146. ಮೂರು ತಿಂಗಳು ದುಡಿದು ಐದು ಸೆಂಟಿಮೀಟರು! ಹುರುಪಿನ ಮೇಲೆ ನಡೆಯುವ ವ್ಯಾಯಾಮವಾಗಿದ್ದರೆ ಫೆಬ್ರವರಿಯ ಗೆರೆ ಕಂಡ ದಿನವೇ ಮುಗಿಯುತ್ತಿತ್ತು. ಆದರೆ ಮರುದಿನ ಬೆಳಗ್ಗೆಯೂ ಹಾಲು ಕಾಯಿಸಲೇಬೇಕಿತ್ತು. ಏಪ್ರಿಲಿನ ನಂತರ ಕೀಲು ಬಿಡತೊಡಗಿತು. ಜುಲೈ ಒಂದಕ್ಕೆ 170, ಸೆಪ್ಟೆಂಬರಿನಲ್ಲಿ 184. ಒಳ್ಳೆಯ ಕೈ ಮುಟ್ಟುವುದು 196. ಕಾಫಿಪುಡಿಯ ಡಬ್ಬ ಈ ನಡುವೆ ಎರಡು ಹಲಗೆ ಬಡ್ತಿ ಪಡೆದಿತ್ತು.

ಇದನ್ನು ಮಾಡಿದ್ದರಿಂದಲೇ ಗುಣವಾಯಿತು ಎಂದು ನಾನು ಹೇಳಲಾರೆ. ಮೂಳೆ ತಜ್ಞರನ್ನು ಕೇಳಿದೆ. ಈ ಕಾಯಿಲೆ ಬಹಳ ಮಂದಿಯಲ್ಲಿ ತನ್ನ ಕಾಲಕ್ಕೆ ತಾನೇ ಸಡಿಲಾಗುತ್ತದೆ, ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿದೇ ಉಳಿಯುತ್ತದೆ, ದಿನವೂ ಆಡಿಸಿದ ಕೈಯಲ್ಲಿ ಉಳಿಯುವುದು ಕಡಿಮೆಯಾಗಲಿ ಎಂದು ವ್ಯಾಯಾಮ ಎಂದರು. ಬೆನ್ನ ಹಿಂದೆ ಬಲಗೈ ಇಂದಿಗೂ ಎಡಗೈಯಷ್ಟು ಮೇಲೆ ಹೋಗುವುದಿಲ್ಲ. ಮುಂದೆ ಗುಂಡಿಯಿರುವ ರವಿಕೆಗಳನ್ನು ಬಿಟ್ಟಿಲ್ಲ, ಅವು ಆರಾಮವಾಗಿವೆ. ಮಲ್ಲಿಗೆ ಮಾತ್ರ ಎರಡು ಕೈಯಿಂದ ಮುಡಿಯುತ್ತೇನೆ. ಕರಿಹಲಗೆಯ ಮೇಲ್ತುದಿಯಲ್ಲಿ ದಿನಾಂಕವನ್ನು ನಾನೇ ಬರೆಯುತ್ತೇನೆ. ಎತ್ತರದ ಹುಡುಗಿಗೆ ಕೆಲಸ ಹೋಯಿತೆಂದು ಸ್ವಲ್ಪ ಬೇಸರ.

2024ರ ದೀಪಾವಳಿಗೆ ಮೊದಲು ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ಅಡುಗೆಮನೆಯ ಗೋಡೆಯ ಎದುರು ನಿಂತು, "ಅಕ್ಕ, ಮಗು ಎತ್ತರ ಅಳೆದದ್ದೇ? ಇದನ್ನು ಬಿಡಬೇಕೇ?" ಎಂದು ಕೇಳಿದ. ಹನ್ನೊಂದು ಗೆರೆ, ಪಕ್ಕದಲ್ಲಿ ನನ್ನ ಕೈಬರಹದ ತಿಂಗಳುಗಳು, ಒಂದೆರಡು ಕಡೆ ಹಾಲಿನ ಕಲೆ. ಬೇಡ, ಹೊಡೆದುಬಿಡು ಎಂದೆ. ಸಂಜೆ ಹೊತ್ತಿಗೆ ಗೋಡೆ ತಿಳಿಹಳದಿಯಾಯಿತು. ಮಳೆ ಪೂರ್ತಿ ಹೋಗಿರಲಿಲ್ಲ, ಆ ಥಂಡಿಗೆ ಬಣ್ಣ ಬೇಗ ಒಣಗುವುದಿಲ್ಲ, ನಾಳೆ ಮಧ್ಯಾಹ್ನದವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿಹೋದ. ನಾನೇ ಎಲ್ಲರಿಗೂ ಎರಡೆರಡು ಸಲ ಎಚ್ಚರಿಸಿದೆ, ಯಜಮಾನರಿಗೆ ಮೂರು ಸಲ.

ಬೆಳಗ್ಗೆ ಆರೂವರೆಗೆ ಹಾಲಿಟ್ಟೆ. ಅದು ಉಕ್ಕಿತು, ಒಲೆ ಆರಿಸಿದೆ, ಕಾಫಿಪುಡಿಯ ಡಬ್ಬ ತೆಗೆಯಲು ಕೈ ಎತ್ತಿದಾಗ ಬೆರಳ ತುದಿಗಳು ಹಳದಿಯಾಗಿರುವುದು ಕಂಡಿತು. ಹಿಂದೆ ತಿರುಗಿ ನೋಡಿದೆ. ಹೊಸ ಗೋಡೆಯ ಮೇಲೆ ನಾಲ್ಕು ಬೆರಳಿನ ಅಚ್ಚು, ಎದೆಯ ಮಟ್ಟದಿಂದ ಶುರುವಾಗಿ ಕಿಟಕಿಯ ಮೇಲ್ಪಟ್ಟಿಯನ್ನೂ ದಾಟಿ ಹೋಗಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಬೆಕ್ಕು ಬಂದಿತ್ತು ಎಂದು ಹೇಳೋಣ" ಎಂದರು.